ಜಲಜಾಕ್ಷಿಯ ಎರಡೂವರೆ ಮೈಕ್ರಾನ್

ಮೂಡುಬಿದಿರೆ ಪೇಟೆ ಮುಗಿದು ಬಂಟ್ವಾಳದ ಕಡೆಗೆ ರಸ್ತೆ ತಿರುಗುವಲ್ಲಿ ಶೇಖರ ಶೆಟ್ಟರ ವರ್ಕ್‌ಶಾಪ್ ಇದೆ. ಹದಿನೈದು ವರ್ಷ ಬಹರೈನಿನಲ್ಲಿ ಲೇತ್ ಮೆಷಿನಿನ ಮುಂದೆ ನಿಂತು ದುಡಿದ ಮೇಲೆ ಅವರು ಊರಿಗೆ ಬಂದು ಹಾಕಿದ ಶೆಡ್ಡು ಅದು. ಮೊದಲು ಎರಡು ಮೆಷಿನ್ ಇತ್ತು, ಈಗ ಏಳಾಗಿದೆ. ನೀರಿನ ಪಂಪಿನೊಳಗೆ ಬೇರಿಂಗ್ ಕೂರುವ ಬೀಡುಕಬ್ಬಿಣದ ಹೌಸಿಂಗ್ ಅಲ್ಲಿ ತಯಾರಾಗುತ್ತದೆ. ಅಂಗೈಯಗಲದ ತುಂಡು, ನಡುವೆ ಮೂವತ್ತೈದು ಮಿಲಿಮೀಟರಿನ ತೂತು. ಆ ತೂತು ಮೂವತ್ತೈದಕ್ಕಿಂತ ಸಣ್ಣದಾಗಬಾರದು. ದೊಡ್ಡದಾದರೆ ಇಪ್ಪತ್ತೈದು ಮೈಕ್ರಾನಿಗಿಂತ ಹೆಚ್ಚು ಆಗಬಾರದು. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲು ಒಂದು ಮೈಕ್ರಾನ್. ನಮ್ಮ ತಲೆಗೂದಲ ದಪ್ಪ ಎಪ್ಪತ್ತು ಮೈಕ್ರಾನಿನ ಆಸುಪಾಸು. ತೂತು ಸಣ್ಣದಾದರೆ ಬೇರಿಂಗ್ ಇಳಿಯುವುದಿಲ್ಲ, ದೊಡ್ಡದಾದರೆ ಪಂಪು ಓಡುವಾಗ ಬೇರಿಂಗ್ ತನ್ನ ಜಾಗದಲ್ಲೇ ಸುತ್ತತೊಡಗಿ ಕೆಲವೇ ತಿಂಗಳಲ್ಲಿ ಕೆಡುತ್ತದೆ.

ಯಾವುದು ಸರಿ, ಯಾವುದು ತಪ್ಪು ಎಂದು ಕೊನೆಯಲ್ಲಿ ನೋಡಿ ಹೇಳುವವಳು ಜಲಜಾಕ್ಷಿ.

ಸಿದ್ಧಕಟ್ಟೆಯಿಂದ ದಿನವೂ ಏಳೂವರೆಯ ಬಸ್ಸಿಗೆ ಬರುವ ಅವಳಿಗೆ ಈಗ ನಲವತ್ತೆಂಟು. ಓದಿದ್ದು ಎಂಟನೆಯ ತರಗತಿ. ಹನ್ನೆರಡನೆಯ ವಯಸ್ಸಿನಿಂದ ಮೂವತ್ತೈದರವರೆಗೆ ಬೀಡಿ ಕಟ್ಟಿದಳು. ಕಟ್ಟಿದ ಬೀಡಿ ಒಪ್ಪಿಸುವ ಬ್ರಾಂಚಿನಲ್ಲಿ ಅವಳ ಕಟ್ಟುಗಳನ್ನು ಬಿಚ್ಚಿ ನೋಡುವ ಗೋಜಿಗೆ ಯಾರೂ ಹೋಗುತ್ತಿರಲಿಲ್ಲ. ಒಂದರ ಹಾಗೆ ಇನ್ನೊಂದು ಇರುತ್ತಿತ್ತು. ಹೊಗೆಸೊಪ್ಪಿನ ಧೂಳಿಗೆ ಕೆಮ್ಮು ಹತ್ತಿದಾಗ ಅದನ್ನು ಬಿಟ್ಟು, ಶೇಖರ ಶೆಟ್ಟರಲ್ಲಿ ತುಂಡುಗಳನ್ನು ತೊಳೆಯುವ ಕೆಲಸಕ್ಕೆ ಸೇರಿದಳು. ಆಗ ಅಲ್ಲಿ ಅಳತೆ ನೋಡುತ್ತಿದ್ದವರು ಸುಬ್ಬಪ್ಪ ಎಂಬ ವಯಸ್ಸಾದ ಫಿಟ್ಟರ್. ತೊಳೆದು ಇಟ್ಟ ತುಂಡಿನ ಅಂಚನ್ನು ಈ ಹೆಂಗಸು ಉಗುರಿನಿಂದ ಸವರಿ, “ಇಲ್ಲಿ ಮುಳ್ಳು ಉಂಟು” ಎಂದು ಹೇಳುವುದನ್ನು ಅವರು ಎರಡು ಮೂರು ಸಲ ಗಮನಿಸಿ, ಒಂದು ದಿನ ತೂತು ಅಳೆಯುವ ತಮ್ಮ ಡಯಲ್ ಬೋರ್ ಗೇಜನ್ನು ಅವಳ ಕೈಗೆ ಕೊಟ್ಟರು.

ಬೋರ್ ಗೇಜ್ ಎಂದರೆ ಉದ್ದ ಕೋಲಿನ ತುದಿಯಲ್ಲಿ ಒಳಗೆ ಹೊರಗೆ ಸರಿಯುವ ಸಣ್ಣ ಮೊಳೆಯಿರುವ ಸಾಧನ. ತೂತಿನೊಳಗೆ ಇಳಿಸಿ, ಕೋಲನ್ನು ನಿಧಾನವಾಗಿ ಹಿಂದೆ ಮುಂದೆ ತೂಗಬೇಕು. ಓರೆಯಾದಾಗ ಅಂಕಿ ದೊಡ್ಡದಾಗುತ್ತದೆ, ನೆಟ್ಟಗೆ ಬಂದಾಗ ಸಣ್ಣದಾಗುತ್ತದೆ. ಇಳಿಯುತ್ತಾ ಬಂದ ಡಯಲಿನ ಮುಳ್ಳು ಎಲ್ಲಿ ನಿಂತು ಹಿಂದಕ್ಕೆ ತಿರುಗುತ್ತದೋ ಅದೇ ತೂತಿನ ನಿಜವಾದ ಅಳತೆ. ಅದಕ್ಕೂ ಮೊದಲು, ಸರಿಯಾಗಿ ಮೂವತ್ತೈದೇ ಇರುವ ಉಕ್ಕಿನ ಬಳೆಯಂಥ ರಿಂಗ್ ಗೇಜಿನೊಳಗೆ ಹಾಕಿ ಸೊನ್ನೆಗೆ ಕೂರಿಸಿಕೊಳ್ಳಬೇಕು. ಸುಬ್ಬಪ್ಪ ಇಷ್ಟನ್ನು ಅವಳಿಗೆ ಒಂದು ವಾರ ಕಲಿಸಿದರು. ರಿಂಗನ್ನು ಮಾತ್ರ ಹೇಗೆ ಹಿಡಿಯಬೇಕೆಂದು ಮತ್ತೆ ಮತ್ತೆ ಹೇಳಿದರು. “ಮೇಜಿನ ಮೇಲೆ ಇಡಬೇಡ, ಧೂಳು ಹಿಡೀತದೆ. ಅಂಗೈಯಲ್ಲಿಟ್ಟುಕೊಂಡು, ಒಳಗೆಲ್ಲ ಚೆನ್ನಾಗಿ ಒರೆಸು. ಒಂದು ಸಲ ಸೊನ್ನೆ ಬಂದರೆ ನಂಬಬೇಡ, ಮೂರು ಸಲ ಬರಬೇಕು.”

ಹನ್ನೆರಡು ವರ್ಷ ಅವಳು ಹಾಗೆಯೇ ಮಾಡಿದಳು. ಸುಬ್ಬಪ್ಪ ಕೆಲಸ ಬಿಟ್ಟು ಮನೆಗೆ ಹೋದ ಮೇಲೆ ಆ ಜಾಗ ಅವಳದಾಯಿತು.

ಕಳೆದ ಫೆಬ್ರವರಿಯಲ್ಲಿ ಶೆಡ್ಡಿನ ಮೂಲೆಗೆ ಗಾಜಿನ ಗೋಡೆ ಬಂತು, ಒಳಗೆ ಏಸಿ ಬಂತು. ಹೌಸಿಂಗ್ ಕೊಳ್ಳುವ ಪಂಪ್ ಕಂಪನಿಯವರು, ಅಳತೆಯ ಕೋಣೆ ತಂಪಾಗಿರಬೇಕು, ಒಂದೊಂದು ಮೈಕ್ರಾನ್ ತೋರಿಸುವ ಗೇಜ್ ಬೇಕು ಎಂದು ಪತ್ರ ಬರೆದಿದ್ದರು. ಹಳೆಯ ಡಯಲ್ ಹತ್ತು ಮೈಕ್ರಾನಿಗೊಂದು ಗೆರೆಯದು. ಹೊಸದು ಡಿಜಿಟಲ್, ಪೆಟ್ಟಿಗೆಯಲ್ಲಿ ಅದರ ಜತೆಗೆ ಪ್ರಮಾಣಪತ್ರವೂ ಬಂತು. ಶೇಖರಣ್ಣ ಪ್ರಮಾಣಪತ್ರ ನೋಡಿ, ಇನ್ನೇನು ಬೇಕು ಎಂದುಕೊಂಡು ಮರುದಿನವೇ ಗೇಜನ್ನು ಕೆಲಸಕ್ಕೆ ಹಚ್ಚಿದರು. ಒಂದೇ ವಾರದಲ್ಲಿ ಜಲಜಾಕ್ಷಿ ನೂರ ಅರುವತ್ತು ಹೌಸಿಂಗ್ ನೋಡಿ ಪಾಸು ಮಾಡಿದಳು. ಅವು ಪೆಟ್ಟಿಗೆಯಾಗಿ ಬಾಗಿಲ ಬಳಿ ಲಾರಿಗೆ ಕಾಯುತ್ತಿದ್ದವು.

ಆಗ ಕಂಪನಿಯಿಂದ ಇನ್ನೊಂದು ಪತ್ರ ಬಂತು: ಹೊಸ ಗೇಜಿನ ಆರ್ ಅಂಡ್ ಆರ್ ಸ್ಟಡಿ, ಅಂದರೆ ಅದರ ಅಳತೆಯನ್ನು ಎಷ್ಟು ನಂಬಬಹುದೆಂಬ ಪರೀಕ್ಷೆ, ಮಾಡಿ ಕಳಿಸಿ, ಅದು ಬಾರದೆ ಸರಕು ಕಳಿಸಬೇಡಿ.

ಆ ಸ್ಟಡಿ ಮಾಡಿಸಬೇಕಾದವನು ಶೋಧನ್. ಮಿಜಾರಿನ ಕಾಲೇಜಿನಲ್ಲಿ ಇಂಜಿನಿಯರಿಂಗ್ ಮುಗಿಸಿ ಎಂಟು ತಿಂಗಳ ಹಿಂದೆ ಕ್ವಾಲಿಟಿ ನೋಡಲು ಸೇರಿದ ಹುಡುಗ. ಮಾತು ಕಡಿಮೆ, ಕಂಪ್ಯೂಟರಿನ ಮುಂದೆ ಕೂತರೆ ಊಟದ ನೆನಪಿಲ್ಲ. ಅವನು ಮೂವರನ್ನು ಗಾಜಿನ ಕೋಣೆಗೆ ಕರೆದ. ಜಲಜಾಕ್ಷಿ, ಎರಡನೆಯ ಪಾಳಿಯಲ್ಲಿ ಅಳತೆ ನೋಡುವ ನಸೀಬಾ, ಮತ್ತು ಬೋರಿಂಗ್ ಮೆಷಿನ್ ಓಡಿಸುತ್ತಾ ತನ್ನ ತುಂಡನ್ನು ತಾನೇ ನೋಡಿಕೊಳ್ಳುವ ತುಕ್ರಪ್ಪ.

“ಪ್ರಮಾಣಪತ್ರ ಗೇಜಿನದ್ದು ಮಾತ್ರ” ಎಂದ ಶೋಧನ್. “ಲ್ಯಾಬಿನಲ್ಲಿ ಅವರ ಕೈಯಲ್ಲಿ ಅದು ಸರಿ ಉಂಟು. ನಮ್ಮ ಕೈಯಲ್ಲಿ, ನಮ್ಮ ತುಂಡಿನಲ್ಲಿ ಹೇಗೆ ಅಂತ ನೋಡ್ಬೇಕು. ಒಬ್ಬರೇ ಅದೇ ತುಂಡನ್ನು ಮೂರು ಸಲ ಅಳೆದರೆ ಒಂದೇ ಅಂಕಿ ಬರ್ತದಾ, ಅದು ಒಂದು. ಮೂರು ಜನ ಅಳೆದರೆ ಒಂದೇ ಬರ್ತದಾ, ಅದು ಇನ್ನೊಂದು.”

“ನಮ್ಮ ಪರೀಕ್ಷೆಯಾ?” ಎಂದು ನಸೀಬಾ ಕೇಳಿದಳು.

“ಪರೀಕ್ಷೆ ಗೇಜಿಗೆ.”

“ಮಾರ್ಕು ನಮಗೆ ಬರ್ತದೆ” ಎಂದ ತುಕ್ರಪ್ಪ. ಎಲ್ಲರೂ ನಕ್ಕರು.

ಶೋಧನ್ ಹತ್ತು ಹೌಸಿಂಗ್ ಆರಿಸಿದ್ದ. ಕೆಲವು ನಡುಮಧ್ಯದ ಅಳತೆಯವು, ಕೆಲವು ಅಂಚಿನವು, ಒಂದೆರಡು ಅಂಚು ಮೀರಿದವು. ಅವುಗಳನ್ನು ಹಿಂದಿನ ದಿನವೇ ಏಸಿ ಕೋಣೆಯಲ್ಲಿಟ್ಟು ಇಪ್ಪತ್ತೊಂದು ಡಿಗ್ರಿಗೆ ತಣಿಸಿದ್ದ. ನಂಬರನ್ನು ಕಾಣದ ಹಾಗೆ ಅಡಿಯಲ್ಲಿ ಬರೆದಿದ್ದ. ಪ್ರತಿಯೊಬ್ಬರೂ ತಾವೇ ಸೊನ್ನೆ ಕೂರಿಸಿಕೊಂಡು ಹತ್ತನ್ನೂ ಅಳೆಯಬೇಕು. ಅವನು ಕ್ರಮ ಕಲಸಿ ಮತ್ತೆ ಕೊಡುತ್ತಾನೆ. ಹೀಗೆ ಮೂರು ಸುತ್ತು. ಒಬ್ಬರು ಅಳೆಯುವಾಗ ಇನ್ನಿಬ್ಬರು ಹೊರಗಿರಬೇಕು. ತನ್ನ ಹಳೆಯ ಅಂಕಿ ಯಾರಿಗೂ ನೆನಪಿಗೆ ಬರಬಾರದೆಂದು ಅವನು ಕಾಗದವನ್ನು ಕವುಚಿ ಹಿಡಿದುಕೊಂಡೇ ಬರೆಯುತ್ತಿದ್ದ. ಎರಡು ದಿನಗಳಲ್ಲಿ ತೊಂಬತ್ತು ಅಂಕಿ ಆಯಿತು.

ಮೂರನೆಯ ದಿನ ಅವನು ಕಂಪ್ಯೂಟರಿನಿಂದ ಕಣ್ಣು ತೆಗೆಯಲೇ ಇಲ್ಲ. ಮಧ್ಯಾಹ್ನ ಶೇಖರಣ್ಣನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಹೊರಗೆ ಬಂದಾಗ ಜಲಜಾಕ್ಷಿಯ ಮುಖ ನೋಡಲಿಲ್ಲ. ಆಗಲೇ ಅವಳಿಗೆ ಅರ್ಥವಾಯಿತು.

ಶೇಖರಣ್ಣ ಕರೆಸಿ ಕೂರಲು ಹೇಳಿದರು. ಅವರು ಒಳ್ಳೆಯ ಮನುಷ್ಯ, ಗಟ್ಟಿಯಾಗಿ ಮಾತನಾಡಿದವರಲ್ಲ.

“ಜಲಜ, ಸ್ಟಡಿ ಸರಿ ಬರ್ಲಿಲ್ಲ. ನೂರಕ್ಕೆ ಮೂವತ್ತಾರು ಬಂದಿದೆ.”

“ಎಷ್ಟು ಬರ್ಬೇಕಿತ್ತು?”

ಶೋಧನ್ ಉತ್ತರ ಕೊಟ್ಟ. “ಒಟ್ಟು ಸಡಿಲ ಇಪ್ಪತ್ತೈದು ಮೈಕ್ರಾನ್ ಅಲ್ವಾ ಅಕ್ಕ, ಅದರಲ್ಲಿ ನಮ್ಮ ಅಳತೆಯ ಏರಿಳಿತವೇ ಎಷ್ಟು ತಿಂತದೆ ಅಂತ. ಹತ್ತರ ಒಳಗಿದ್ದರೆ ಒಳ್ಳೆಯದು. ಮೂವತ್ತರವರೆಗೆ ಹೇಗಾದರೂ ಒಪ್ಪಿಕೊಳ್ಳಬಹುದು. ಅದು ದಾಟಿದರೆ ಆ ಗೇಜಿನಲ್ಲಿ ಅಳೆದದ್ದನ್ನು ನಂಬುವ ಹಾಗಿಲ್ಲ.”

“ಗೇಜ್ ಕೆಟ್ಟದ್ದಾ?”

ಅವನು ಕಾಗದ ತಿರುಗಿಸಿಟ್ಟ. ಮೂರು ಗೆರೆಗಳಿದ್ದವು. ಎರಡು ಒಂದರ ಮೇಲೊಂದು ಹಬ್ಬಿದ ಹಾಗೆ ಏರುತ್ತಾ ಇಳಿಯುತ್ತಾ ಹೋಗಿದ್ದವು. ಮೂರನೆಯದು ಅದೇ ರೂಪದಲ್ಲಿ, ಆದರೆ ಉದ್ದಕ್ಕೂ ಸ್ವಲ್ಪ ಕೆಳಗೆ. “ನಸೀಬಾ, ತುಕ್ರಪ್ಪಣ್ಣ ಇಬ್ಬರದ್ದೂ ಸೇರ್ತದೆ. ನಿಮ್ಮದು ಹತ್ತು ತುಂಡಿನಲ್ಲೂ ಎರಡೂವರೆ ಮೈಕ್ರಾನ್ ಕಡಿಮೆ.”

ಶೇಖರಣ್ಣ ಗಂಟಲು ಸರಿಮಾಡಿಕೊಂಡರು. “ನಿನಗೂ ವಯಸ್ಸಾಯ್ತು ಜಲಜ. ಕಣ್ಣು ಯಾರನ್ನೂ ಕೇಳಿ ಹೋಗುವುದಿಲ್ಲ. ಪ್ಯಾಕಿಂಗ್‌ನಲ್ಲಿ ಕೂತು ಮಾಡುವ ಕೆಲಸ ಉಂಟು. ಸಂಬಳ ಅದೇ. ನಿನ್ನ ಕಾಲಂ ತೆಗೆದು ಇಬ್ಬರದ್ದು ಹಾಕಿದರೆ ಇಪ್ಪತ್ತು ಬರ್ತದಂತೆ. ಕಂಪನಿಯವರು ಒಪ್ತಾರೆ.”

ಅವಳು ಕಾಗದದ ಮೇಲಿನ ಆ ಕೆಳಗಿನ ಗೆರೆಯನ್ನೇ ನೋಡುತ್ತಿದ್ದಳು. ಹನ್ನೆರಡು ವರ್ಷ ತಾನು ಸರಿ ಎಂದದ್ದು, ತಪ್ಪು ಎಂದದ್ದು ಎಲ್ಲವೂ ಒಂದು ಗೆರೆಯಾಗಿ ಅಲ್ಲಿ ಬಿದ್ದ ಹಾಗೆ ಅನಿಸಿತು. ಆದರೂ ಅವಳು ಕೇಳಿದ್ದು ಬೇರೆಯದನ್ನೇ.

“ಶೇಖರಣ್ಣ, ಬಾಗಿಲ ಹತ್ತಿರ ಇರುವ ನೂರ ಅರುವತ್ತನ್ನು ಪಾಸು ಮಾಡಿದ್ದು ನಾನಲ್ವಾ? ಆ ಕಾಲಂ ತೆಗೆದರೆ ಅದು ಯಾರ ಅಳತೆ?”

ಶೇಖರಣ್ಣ ಕಾಗದವನ್ನು ಶೋಧನನ ಕಡೆಗೆ ಸರಿಸಿದರು.

“ನನ್ನದು ತಪ್ಪೋ, ಅವರಿಬ್ಬರದ್ದು ತಪ್ಪೋ ಈ ಕಾಗದದಲ್ಲಿ ಉಂಟಾ?” ಎಂದು ಅವಳು ಶೋಧನನನ್ನು ಕೇಳಿದಳು.

“ಇಲ್ಲ” ಎಂದ ಅವನು. “ವ್ಯತ್ಯಾಸ ಉಂಟು ಅಂತ ಮಾತ್ರ ಇದು ಹೇಳುವುದು. ಸರಿ ಯಾರು ಅಂತ ಹೇಳುವುದಿಲ್ಲ.”

“ಹಾಗಾದರೆ ನನಗೆ ಒಂದು ದಿನ ಕೊಡಿ. ನನ್ನದೇ ತಪ್ಪಾದರೆ ನಾನೇ ಪ್ಯಾಕಿಂಗಿಗೆ ಹೋಗ್ತೇನೆ.”

ಸಂಜೆ ಬಸ್ಸಿಳಿದು ಮನೆಗೆ ಹೋದಾಗ ಗಂಡ ವೆಂಕಪ್ಪ ಅಂಗಳದ ಕಟ್ಟೆಯಲ್ಲಿ ಕಾಲು ತೊಳೆಯುತ್ತಿದ್ದ. ಅವನು ಮರದ ಮಿಲ್ಲಿನಲ್ಲಿ ಗರಗಸಕ್ಕೆ ದಿಮ್ಮಿ ಕೊಡುವವನು. ವಿಷಯ ಕೇಳಿ, “ಎಷ್ಟು ವ್ಯತ್ಯಾಸ ಅಂತೆ?” ಎಂದ.

“ಎರಡೂವರೆ ಮೈಕ್ರಾನ್.”

“ಅಂದರೆ?”

“ಕೂದಲನ್ನು ಮೂವತ್ತು ಸೀಳು ಮಾಡಿದರೆ ಒಂದು ಸೀಳು.”

ವೆಂಕಪ್ಪ ಕಾಲಿಗೆ ಇನ್ನೊಂದು ಚೊಂಬು ನೀರು ಹೊಯ್ದುಕೊಂಡ. “ನಮ್ಮ ಮಿಲ್ಲಿನಲ್ಲಿ ಕಾಲಿಂಚು ಹೆಚ್ಚು ಕಡಿಮೆಯಾದರೆ ಯಾರೂ ಕೇಳುವುದಿಲ್ಲ ಮಾರಾಯ್ತಿ. ಅದಕ್ಕೆ ನೀನು ಊಟ ಬಿಡ್ತೀಯಾ?”

ಅವಳು ಊಟ ಬಿಡಲಿಲ್ಲ. ಬಡಿಸಿದ್ದನ್ನು ಪೂರ್ತಿ ಉಂಡಳು. ಆಮೇಲೆ ಸೂಜಿದಾರ ತೆಗೆದು, ಕನ್ನಡಕ ಹಾಕಿಕೊಂಡು ದಾರ ಪೋಣಿಸಿ ನೋಡಿದಳು. ಮೊದಲ ಸಲವೇ ಹೋಯಿತು. ಬಿಚ್ಚಿ ಮತ್ತೆ ಪೋಣಿಸಿದಳು. ಮತ್ತೆ ಹೋಯಿತು. ವೆಂಕಪ್ಪ ನೋಡುತ್ತಿದ್ದವನು ಎದ್ದು, ಅವಳ ಮುಂದಿದ್ದ ಬಟ್ಟಲನ್ನು ತಾನೇ ತೊಳೆದಿಟ್ಟ. ಅವಳಿಗೆ ಆಗ ಸ್ವಲ್ಪ ಅಳು ಬಂತು.

ಬೆಳಿಗ್ಗೆ ಅವಳು ಹೋಗುವಷ್ಟರಲ್ಲಿ ಶೋಧನ್ ಗಾಜಿನ ಕೋಣೆಯಲ್ಲಿದ್ದ. ಅವನೂ ಸಮಾಧಾನದಲ್ಲಿರಲಿಲ್ಲ. ಅವಳ ಮುಂದೆ ಇನ್ನೊಂದು ಕಾಗದ ಇಟ್ಟ.

“ಜಲಜಕ್ಕ, ನಿನ್ನೆ ನಾನು ಇದನ್ನು ಸರಿಯಾಗಿ ನೋಡಲಿಲ್ಲ. ಒಂದೇ ತುಂಡನ್ನು ಮೂರು ಸಲ ಅಳೆದಾಗ ತುಕ್ರಪ್ಪಣ್ಣನ ಅಂಕಿಗಳ ನಡುವೆ ಒಂದೂವರೆ ಮೈಕ್ರಾನಿಗೂ ಹೆಚ್ಚು ಅಂತರ. ನಸೀಬಾದು ಒಂದು ಚಿಲ್ಲರೆ. ನಿಮ್ಮದು ಒಂದಕ್ಕಿಂತ ಕಡಿಮೆ. ಮೂವರಲ್ಲಿ ಕೈ ಗಟ್ಟಿ ಇರುವುದು ನಿಮ್ಮದೇ. ಕಣ್ಣು ಕಾಣದವರಿಗೆ ಹೀಗೆ ಬರುವುದಿಲ್ಲ.”

“ಮತ್ತೆ ಕಡಿಮೆ ಎಂತಕ್ಕೆ?”

“ಅದೇ ಗೊತ್ತಾಗ್ತಾ ಇಲ್ಲ. ಒಂದು ವೇಳೆ ಗೇಜ್ ತಾನಾಗಿ ಸರಿಯುತ್ತದೋ ಅಂತ. ಮೊನ್ನೆ ಸಂಜೆ ನಿಮ್ಮ ಸುತ್ತು ಮುಗಿದ ಮೇಲಿನ ಒಂದು ಅಂಕಿ ಬರೆದದ್ದು ಉಂಟು. ಆಗ ರಿಂಗಿನಲ್ಲಿ ಮತ್ತೆ ಹಾಕಿ ನೋಡಿದ್ದೆ. ಸೊನ್ನೆ ಬರ್ಬೇಕಿತ್ತು, ಮೈನಸ್ ಎರಡು ತೋರಿಸಿತು.”

“ನಸೀಬಾ ಅಳೆದ ಮೇಲೆ?”

“ಸೊನ್ನೆಯೇ.”

ಗೇಜ್ ಕೆಟ್ಟಿದ್ದರೆ ಒಬ್ಬಳ ಕೈಯಲ್ಲಿ ಮಾತ್ರ ಕೆಡುವುದು ಹೇಗೆ? ಬೀಡಿ ಬ್ರಾಂಚಿನಲ್ಲಿ ಒಂದು ಕಟ್ಟು ಕೆಟ್ಟದ್ದು ಬಂದರೆ ಎಲೆಯದ್ದಾ, ಕೈಯದ್ದಾ ಎಂದು ತಿಳಿಯಲು ಇವಳ ಎಲೆ ಅವಳಿಗೆ, ಅವಳ ಎಲೆ ಇವಳಿಗೆ ಕೊಟ್ಟು ಕಟ್ಟಿಸುತ್ತಿದ್ದುದು ಜಲಜಾಕ್ಷಿಗೆ ಗೊತ್ತಿತ್ತು.

“ಅದಲು ಬದಲು ಮಾಡಿ ನೋಡುವ” ಎಂದಳು. “ನಸೀಬಾ ಸೊನ್ನೆ ಕೂರಿಸಲಿ, ನಾನು ಅಳೀತೇನೆ. ಆಮೇಲೆ ನಾನು ಕೂರಿಸ್ತೇನೆ, ಅವಳು ಅಳೆಯಲಿ.”

ನಸೀಬಾಳ ಪಾಳಿ ಮಧ್ಯಾಹ್ನ ಎರಡಕ್ಕೆ. ಶೋಧನ್ ಫೋನು ಮಾಡಿದ ಕೂಡಲೇ, ಮನೆಯಲ್ಲಿ ಅಕ್ಕಿ ರುಬ್ಬುತ್ತಿದ್ದವಳು ಅದನ್ನು ನಾದಿನಿಗೆ ಒಪ್ಪಿಸಿ ಹನ್ನೊಂದಕ್ಕೇ ಬಂದಳು. “ನಿಮ್ಮ ಹತ್ತಿರ ಕಲಿತವಳು ನಾನು. ನೀವು ತಪ್ಪಾದರೆ ನಾನು ಸರಿಯಾಗುವುದು ಹೇಗೆ?” ಎಂದಳು. ಜಲಜಾಕ್ಷಿಗೆ ಆ ಮಾತಿನಿಂದ ಆದಷ್ಟು ಧೈರ್ಯ ಬೇರೆ ಯಾವುದರಿಂದಲೂ ಆಗಿರಲಿಲ್ಲ.

ಮೊದಲು ನಸೀಬಾ ರಿಂಗನ್ನು ಪೆಟ್ಟಿಗೆಯಿಂದ ತೆಗೆದು, ಧೂಳಿಲ್ಲದ ಹೊಸ ಕೋಣೆಯಲ್ಲವೇ ಎಂದು ಕಲ್ಲಿನ ಮೇಜಿನ ಮೇಲಿಟ್ಟು, ಬಟ್ಟೆಯಿಂದ ಒರೆಸಿ, ಗೇಜ್ ಇಳಿಸಿ ಸೊನ್ನೆ ಕೂರಿಸಿದಳು. ಜಲಜಾಕ್ಷಿ ಐದು ಹೌಸಿಂಗ್ ಅಳೆದಳು. ಶೋಧನ್ ಹಿಂದಿನ ಪಟ್ಟಿಯ ಜತೆ ಹೋಲಿಸಿದ. ನಸೀಬಾಳ ಅಂಕಿಗಳಿಗೂ ಇವಕ್ಕೂ ಅರ್ಧ ಮೈಕ್ರಾನಿನ ವ್ಯತ್ಯಾಸವೂ ಸರಿಯಾಗಿ ಇರಲಿಲ್ಲ.

“ಅಳೆಯುವ ಕೈ ಸರಿ ಉಂಟು” ಎಂದ ಅವನು.

ಈಗ ಜಲಜಾಕ್ಷಿಯ ಸರದಿ. ರಿಂಗನ್ನು ಎಡ ಅಂಗೈಯಲ್ಲಿಟ್ಟುಕೊಂಡಳು. ಬಟ್ಟೆಯನ್ನು ಬೆರಳಿಗೆ ಸುತ್ತಿ ಒಳಗೋಡೆಯನ್ನು ಸುತ್ತಲೂ ಒರೆಸಿದಳು. ಬೆಳಕಿಗೆ ಹಿಡಿದು ನೋಡಿ ಮತ್ತೆ ಒರೆಸಿದಳು. ಅಂಗೈಯಲ್ಲೇ ಹಿಡಿದು ಗೇಜ್ ಇಳಿಸಿ, ತೂಗಿ, ಸೊನ್ನೆ ಒತ್ತಿದಳು. ನಂಬದೆ ಮತ್ತೆ ತೂಗಿದಳು. ಮೂರನೆಯ ಸಲವೂ ಸೊನ್ನೆ ಬಂದ ಮೇಲೆ ರಿಂಗನ್ನು ನಸೀಬಾಳ ಕೈಗಿತ್ತು, “ಪೆಟ್ಟಿಗೆಯಲ್ಲಿಡು” ಎಂದಳು.

ನಸೀಬಾ ರಿಂಗ್ ಹಿಡಿದವಳು ಹಾಗೆಯೇ ನಿಂತಳು. ಇನ್ನೊಂದು ಕೈಯಿಂದಲೂ ಮುಟ್ಟಿ ನೋಡಿದಳು.

“ಜಲಜಕ್ಕ, ಇದು ಬೆಚ್ಚಗುಂಟು.”

ಯಾರಿಗೂ ಮೊದಲು ಅದರ ಅರ್ಥ ಹೊಳೆಯಲಿಲ್ಲ. ಆಮೇಲೆ ಶೋಧನ್ ಕುರ್ಚಿ ಹಿಂದೆ ತಳ್ಳಿ ಎದ್ದು, ಡ್ರಾಯರಿನಿಂದ ತಂತಿಯ ಥರ್ಮಾಮೀಟರ್ ತಂದು ರಿಂಗಿಗೆ ತಾಗಿಸಿದ. ಇಪ್ಪತ್ತೇಳು ತೋರಿಸಿತು. ಮೇಜಿನ ಮೇಲಿದ್ದ ಹೌಸಿಂಗಿಗೆ ತಾಗಿಸಿದ. ಇಪ್ಪತ್ತೊಂದು. ಅವನು ಪೆನ್ನು ತೆಗೆದುಕೊಂಡು ಲೆಕ್ಕ ಹಾಕಿದ. ಮೂವತ್ತೈದು ಮಿಲಿಮೀಟರಿನ ಉಕ್ಕು ಒಂದು ಡಿಗ್ರಿ ಬಿಸಿಯಾದರೆ ಅರ್ಧ ಮೈಕ್ರಾನಿಗಿಂತ ಸ್ವಲ್ಪ ಕಡಿಮೆ ಹಿಗ್ಗುತ್ತದೆ. ಆರು ಡಿಗ್ರಿಗೆ ಹತ್ತಿರ ಹತ್ತಿರ ಎರಡೂವರೆ.

“ಕೈಯ ಬಿಸಿಗೆ ರಿಂಗ್ ಹಿಗ್ಗಿದೆ ಅಕ್ಕ. ಹಿಗ್ಗಿದ ರಿಂಗಿಗೆ ನೀವು ಸೊನ್ನೆ ಅಂತ ಹೇಳ್ತೀರಿ. ಆಮೇಲೆ ತಣ್ಣಗಿನ ತುಂಡು ಅಳೆದರೆ ಅಷ್ಟೇ ಕಡಿಮೆ ಬರ್ತದೆ. ಸಂಜೆ ರಿಂಗ್ ತಣಿದ ಮೇಲೆ ನಾನು ನೋಡಿದಾಗ ಮೈನಸ್ ಬಂದದ್ದೂ ಅದಕ್ಕೇ.”

ಜಲಜಾಕ್ಷಿ ತನ್ನ ಅಂಗೈ ನೋಡಿಕೊಂಡಳು. “ಅಂದರೆ ತಪ್ಪು ನನ್ನದೇ.”

“ಹೌದು” ಎಂದ ಶೋಧನ್. ಸುಳ್ಳು ಸಮಾಧಾನ ಹೇಳುವುದು ಅವನಿಗೆ ಬರುತ್ತಿರಲಿಲ್ಲ.

“ಹನ್ನೆರಡು ವರ್ಷದಿಂದ ಹೀಗೆಯೇ ಹಿಡಿದದ್ದು ನಾನು.”

ಅವನು ಗಾಜಿನಾಚೆಯ ಶೆಡ್ಡನ್ನು ನೋಡಿದ. ಅಲ್ಲಿ ತುಕ್ರಪ್ಪ ಬೆವರು ಒರೆಸಿಕೊಳ್ಳುತ್ತಾ ಮೆಷಿನಿಗೆ ತುಂಡು ಕಟ್ಟುತ್ತಿದ್ದ. “ಆಗ ನೀವು ಅಳೆಯುತ್ತಿದ್ದದ್ದು ಹೊರಗೆ. ಅಲ್ಲಿ ಮೂವತ್ತೆರಡು ಡಿಗ್ರಿ. ನಿಮ್ಮ ಕೈ, ರಿಂಗ್, ತುಂಡು ಎಲ್ಲ ಹೆಚ್ಚುಕಡಿಮೆ ಒಂದೇ ಬಿಸಿ. ಆಗ ಅದು ತಪ್ಪಾಗುತ್ತಿರಲಿಲ್ಲ. ಆಗಿದ್ದರೂ ಹಳೆಯ ಡಯಲಿನಲ್ಲಿ ಕಾಣುವಷ್ಟಿಲ್ಲ. ಇದು ಈ ಕೋಣೆಗೆ ಬಂದ ಮೇಲಿನ ತಪ್ಪು. ಒಂದು ವಾರದ್ದು.”

ಒಂದು ವಾರ ಎಂದ ಕೂಡಲೇ ಅವಳ ಕಣ್ಣು ಬಾಗಿಲ ಬಳಿಯ ಪೆಟ್ಟಿಗೆಗಳ ಮೇಲೆ ಹೋಯಿತು. ಅಳತೆ ಕಡಿಮೆ ತೋರಿಸಿದೆ ಎಂದರೆ ತೂತು ನಿಜವಾಗಿ ಅದಕ್ಕಿಂತ ದೊಡ್ಡದು. ಇಪ್ಪತ್ತನಾಲ್ಕು ಎಂದು ಪಾಸು ಮಾಡಿದ್ದು ಇಪ್ಪತ್ತಾರೂ ಆಗಿರಬಹುದು, ಇಪ್ಪತ್ತೇಳೂ ಆಗಿರಬಹುದು.

ಶೇಖರಣ್ಣ ಸುದ್ದಿ ಕೇಳಿ ಮೊದಲು ಹಗುರಾದರು. ಕಾರಣ ಸಿಕ್ಕಿತು, ಸ್ಟಡಿ ಮತ್ತೆ ಮಾಡಿದರೆ ಪಾಸಾಗುತ್ತದೆ, ಜಲಜಾಕ್ಷಿಯನ್ನು ಆ ಜಾಗದಿಂದ ಎಬ್ಬಿಸಬೇಕಾಗಿಲ್ಲ. ಅವಳು ಪೆಟ್ಟಿಗೆ ಬಿಚ್ಚಬೇಕು ಎಂದಾಗ ಮುಖ ಗಂಟಾಯಿತು.

“ನೂರ ಅರುವತ್ತನ್ನೂ? ನಿನ್ನ ಪುಸ್ತಕದಲ್ಲಿ ಅಂಕಿ ಬರೆದಿದ್ದೀಯಲ್ಲ. ಎಲ್ಲದಕ್ಕೂ ಎರಡೂವರೆ ಸೇರಿಸಿ ನೋಡಿದರೆ ಆಯ್ತಲ್ಲ?”

“ದಿನಾ ಅಷ್ಟೇ ಹೊತ್ತು ಹಿಡಿದಿದ್ದೇನೆ ಅಂತ ಹೇಗೆ ಹೇಳುವುದು ಶೇಖರಣ್ಣ? ಒಂದು ದಿನ ಹೆಚ್ಚು ಒರೆಸಿರ್ತೇನೆ, ಒಂದು ದಿನ ಕಡಿಮೆ. ಸೇರಿಸಿ ನೋಡುವುದೆಂದರೆ ಅಂದಾಜು. ಅಂದಾಜಿಗೆ ಈ ಗೇಜ್ ಎಂತಕ್ಕೆ?”

“ಸ್ಟಡಿ ಇವತ್ತು ಮುಗೀತದೆ ಅಂತ ಲಾರಿ ನಾಳೆಗೆ ಹೇಳಿದ್ದೇನೆ ಮಾರಾಯ್ತಿ.”

“ಅದರಲ್ಲಿ ನನ್ನ ಸಹಿ ಉಂಟು” ಎಂದಳು ಅವಳು. ಗಟ್ಟಿಯಾಗಿ ಹೇಳಲಿಲ್ಲ. ಶೇಖರಣ್ಣ ಶೋಧನನ ಮುಖ ನೋಡಿದರು. ಅವನು, “ಬಿಚ್ಚುವುದೇ ಒಳ್ಳೆಯದು” ಎಂದ. ಅವರು ಲಾರಿಯವನಿಗೆ ಫೋನು ಮಾಡಿ, ನಾಳೆ ಬರುವುದು ಬೇಡ ಎಂದರು.

ಅಂದು ಮಧ್ಯಾಹ್ನ ಶೋಧನ್ ರಿಂಗಿಗೊಂದು ಮರದ ಪೀಠ ಮಾಡಿಸಿದ. ಹತ್ತಿಯ ಕೈಗವಸು ತರಿಸಿದ. ಕೈಗವಸು ಹಾಕಿಕೊಂಡು ರಿಂಗನ್ನು ಒರೆಸಬೇಕು, ಪೀಠದ ಮೇಲಿಟ್ಟು ಇಪ್ಪತ್ತು ನಿಮಿಷ ಬಿಡಬೇಕು, ಆಮೇಲೆ ಮುಟ್ಟದೆ ಸೊನ್ನೆ ಕೂರಿಸಬೇಕು, ಪಾಳಿ ಮುಗಿಯುವಾಗ ಮತ್ತೆ ನೋಡಿ ಬರೆದಿಡಬೇಕು. ಇಷ್ಟನ್ನು ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಿದ. ಬರೆಯುವ ಮೊದಲು ಜಲಜಾಕ್ಷಿಯನ್ನು ಕೇಳಿದ. ಅವಳು ಎರಡು ವಾಕ್ಯ ತಿದ್ದಿಸಿದಳು. ತೂಗುವುದು ನಿಧಾನವಾಗಿರಬೇಕು, ಅಂಕಿ ತಿರುಗುವ ಜಾಗವನ್ನು ಎರಡು ಸಲ ದಾಟಬೇಕು ಎಂಬುದನ್ನು ಸೇರಿಸಿದವಳು ಅವಳೇ. ತುಕ್ರಪ್ಪನ ಅಂಕಿಗಳು ಅಲ್ಲಾಡುತ್ತಿದ್ದುದು ಅವನು ತೂಗುವ ಅವಸರದಿಂದ ಎಂದು ಅವಳಿಗೆ ಅನಿಸಿತ್ತು.

ಅದನ್ನು ಅವನಿಗೆ ಹೇಳುವುದು ಮಾತ್ರ ಸುಲಭವಿರಲಿಲ್ಲ. ಅವಳ ಕಣ್ಣು ಹೋಯಿತೆಂಬ ಮಾತನ್ನು ಶೆಡ್ಡಿನಲ್ಲಿ ಮೊದಲು ಆಡಿದವನು ತುಕ್ರಪ್ಪನೇ ಎಂದು ಅವಳಿಗೆ ಗೊತ್ತಾಗಿತ್ತು. ಚಾ ಕುಡಿಯುವ ಹೊತ್ತಿಗೆ ಅವನೇ ಹತ್ತಿರ ಬಂದು, “ನಾನು ಸುಮ್ಮನೆ ಹೇಳಿದ್ದು ಜಲಜಕ್ಕ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ” ಎಂದ.

“ಹಚ್ಚಿಕೊಂಡಿದ್ದೆ” ಎಂದಳು ಅವಳು. “ಈಗ ಬಾ, ಗೇಜ್ ಹೇಗೆ ತೂಗುವುದು ಅಂತ ತೋರಿಸ್ತೇನೆ.”

ಅವನು ಬಂದ. ಇಪ್ಪತ್ತು ವರ್ಷ ಮೆಷಿನ್ ಓಡಿಸಿದವನು ಅರ್ಧ ಗಂಟೆ ಅವಳ ಪಕ್ಕದಲ್ಲಿ ನಿಂತು ಕೋಲು ತೂಗುವುದನ್ನು ಕಲಿತ.

ಸ್ಟಡಿಯನ್ನು ಮತ್ತೆ ಮೊದಲಿನಿಂದ ಮಾಡಿದರು. ಅವೇ ಹತ್ತು ಹೌಸಿಂಗ್, ಹೊಸ ಕ್ರಮ, ಮೂವರು, ಮೂರು ಸುತ್ತು. ಈ ಸಲ ಶೋಧನ್ ಫಲಿತಾಂಶವನ್ನು ಕೋಣೆಯ ಬಾಗಿಲು ತೆರೆದಿಟ್ಟುಕೊಂಡೇ ಹೇಳಿದ. ಹದಿನಾರು ಬಂದಿತ್ತು. ಮೂರು ಗೆರೆಗಳಲ್ಲಿ ಯಾವುದು ಯಾರದೆಂದು ಬಣ್ಣ ನೋಡಿಯೇ ಹೇಳಬೇಕಾಗಿತ್ತು.

“ನಿಮ್ಮ ಕಾಲಂ ತೆಗೆದಿದ್ದರೆ ಇಪ್ಪತ್ತಕ್ಕೆ ನಿಲ್ಲುತ್ತಿತ್ತು” ಎಂದು ಅವನು ಜಲಜಾಕ್ಷಿಗೆ ಹೇಳಿದ. “ನಿಮ್ಮ ಕೈ ಸೇರಿದ್ದಕ್ಕೆ, ತುಕ್ರಪ್ಪಣ್ಣ ನಿಧಾನ ಕಲಿತದ್ದಕ್ಕೆ ಇಷ್ಟು ಇಳಿದದ್ದು.”

ಶೇಖರಣ್ಣ ಹತ್ತರ ಒಳಗೆ ಬರಲಿಲ್ಲವಲ್ಲ ಎಂದು ಸ್ವಲ್ಪ ಪೇಚಾಡಿದರು. ಆದರೆ ಶೋಧನ್ ಇದ್ದದ್ದನ್ನು ಇದ್ದ ಹಾಗೆ ಬರೆದ. ಮೊದಲ ಸ್ಟಡಿಯ ಮೂವತ್ತಾರನ್ನೂ, ಅದರ ಕಾರಣವನ್ನೂ, ಗೋಡೆಗೆ ಅಂಟಿಸಿದ ಕಾಗದದ ಪ್ರತಿಯನ್ನೂ ಜತೆಗಿಟ್ಟು ಕಳಿಸಿದ. ನಾಲ್ಕು ದಿನಗಳ ಮೇಲೆ ಕಂಪನಿಯಿಂದ ಉತ್ತರ ಬಂತು. ಒಪ್ಪಿದ್ದೇವೆ, ಆರು ತಿಂಗಳಿಗೆ ಮತ್ತೊಮ್ಮೆ ಮಾಡಿ ಕಳಿಸಿ ಎಂದಿದ್ದರು.

ಆ ನಾಲ್ಕು ದಿನಗಳಲ್ಲಿ ಪೆಟ್ಟಿಗೆಗಳನ್ನು ಬಿಚ್ಚಲಾಗಿತ್ತು. ಹೌಸಿಂಗ್‌ಗಳನ್ನು ರಾತ್ರಿಯಿಡೀ ತಂಪು ಕೋಣೆಯಲ್ಲಿಟ್ಟು, ಬೆಳಿಗ್ಗೆ ಜಲಜಾಕ್ಷಿ, ಮಧ್ಯಾಹ್ನ ನಸೀಬಾ ಒಂದೊಂದಾಗಿ ಮತ್ತೆ ಅಳೆದರು. ನೂರ ಅರುವತ್ತರಲ್ಲಿ ಆರು ಅಳತೆ ಮೀರಿದ್ದವು. ಒಂದು ಇಪ್ಪತ್ತೇಳು, ಉಳಿದವು ಇಪ್ಪತ್ತಾರು. ಜಲಜಾಕ್ಷಿ ಆ ಆರಕ್ಕೂ ತಾನೇ ಕೆಂಪು ಬಣ್ಣ ಹಚ್ಚಿದಳು. ಹಚ್ಚುವಾಗ ಒಂದೊಂದರ ಹಿಂದಿನ ಅಂಕಿಯನ್ನು ಪುಸ್ತಕದಲ್ಲಿ ಹುಡುಕಿ, ಹೊಡೆದುಹಾಕದೆ, ಪಕ್ಕದಲ್ಲಿ ಹೊಸದನ್ನು ಬರೆದು ದಿನಾಂಕ ಹಾಕಿದಳು. ಇನ್ನೊಂದು ಕಡೆ, ತೂತು ಸಣ್ಣದಾಯಿತು ಎಂದು ಆ ವಾರ ಅವಳೇ ಬದಿಗಿಟ್ಟಿದ್ದ ಐದರಲ್ಲಿ ಮೂರು ಸರಿಯಾಗಿಯೇ ಇದ್ದವು. ಅವುಗಳನ್ನು ಮತ್ತೆ ಕೊರೆಯಲು ಮೆಷಿನಿಗೆ ಕಟ್ಟಲು ಹೊರಟಿದ್ದ ತುಕ್ರಪ್ಪ, “ತೂತು ಸಣ್ಣ ಕೊರೆದೆ ಅಂತ ನನ್ನನ್ನು ಬೈದದ್ದು ವಾಪಸ್ ತೆಗೊಳ್ಳಿ” ಎಂದು ನಕ್ಕ. ಅವಳು ತೆಗೆದುಕೊಂಡಳು.

ಸುಬ್ಬಪ್ಪನವರಿಗೆ ಈ ವಿಷಯ ಹೇಳಬೇಕೋ ಬೇಡವೋ ಎಂದು ಅವಳು ಕೆಲವು ದಿನ ಯೋಚಿಸಿದಳು. ಅವರಿಗೀಗ ಎಪ್ಪತ್ತಾರು, ಕಲ್ಲಡ್ಕದಲ್ಲಿ ಮಗಳ ಮನೆಯಲ್ಲಿದ್ದಾರೆ. ಒಂದು ಭಾನುವಾರ ಹೋಗಿ ಎಲ್ಲವನ್ನೂ ಹೇಳಿದಳು. ಅವರು ಕಿವಿಗೊಟ್ಟು ಕೇಳಿದರು. ರಿಂಗ್ ಎಷ್ಟು ಡಿಗ್ರಿ ಬಿಸಿಯಾಯಿತು, ಗೇಜ್ ಎಷ್ಟು ತೋರಿಸಿತು ಎಂದು ಎರಡೆರಡು ಸಲ ಕೇಳಿ ತಿಳಿದುಕೊಂಡರು.

“ನಾನು ತಪ್ಪು ಕಲಿಸಿದೆನಾ ಹಾಗಾದರೆ?” ಎಂದರು ಕೊನೆಗೆ.

“ಇಲ್ಲ” ಎಂದಳು ಜಲಜಾಕ್ಷಿ. “ಕೋಣೆ ಬದಲಾಯ್ತು.”

ಅವರು ತಲೆಯಾಡಿಸಿ, ಆ ಹೊಸ ಗೇಜನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಬೇಕಲ್ಲ ಎಂದರು. ಮುಂದಿನ ವಾರ ಶೋಧನ್ ಬೈಕಿನಲ್ಲಿ ಅವರನ್ನು ಶೆಡ್ಡಿಗೆ ಕರೆತಂದ. ಮುದುಕರು ಕೈಗವಸು ಹಾಕಿಕೊಂಡು, ಒಂದು ಹೌಸಿಂಗ್ ಅಳೆದು, ಅಂಕಿ ಓದಿ ಹೇಳಿದರು. ಜಲಜಾಕ್ಷಿ ಅದನ್ನೇ ಅಳೆದಳು. ಒಂದು ಮೈಕ್ರಾನ್ ವ್ಯತ್ಯಾಸ ಬಂತು. ಯಾರದು ಸರಿ ಎಂದು ಇಬ್ಬರೂ ಬಹಳ ಹೊತ್ತು ಚರ್ಚೆ ಮಾಡಿದರು.

ಜಲಜಾಕ್ಷಿ ಈಗಲೂ ಅದೇ ಕೆಲಸದಲ್ಲಿದ್ದಾಳೆ. ತಂಪು ಕೋಣೆಯಲ್ಲಿ ಎಂಟು ಗಂಟೆ ಕೂತು ಕೂತು ಅವಳ ಮಂಡಿ ನೋಯುತ್ತದೆ ಎಂದು ವೆಂಕಪ್ಪ ಮೂಡುಬಿದಿರೆಯಿಂದ ಒಂದು ಉಣ್ಣೆಯ ಸ್ವೆಟರ್ ತಂದುಕೊಟ್ಟಿದ್ದಾನೆ. ಏಪ್ರಿಲ್ ತಿಂಗಳ ಸೆಕೆಯಲ್ಲಿ, ಕಿಟಕಿಯ ಗಾಳಿಗೂ ಬೆವರುವ ಬಸ್ಸಿನಲ್ಲಿ, ಮಡಿಲಲ್ಲಿ ಸ್ವೆಟರ್ ಇಟ್ಟುಕೊಂಡು ಕೂತ ಹೆಂಗಸನ್ನು ಕಂಡಕ್ಟರ್ ದಿನವೂ ನೋಡುತ್ತಾನೆ. ಎಂತಕ್ಕೆ ಎಂದು ಒಂದು ದಿನ ಕೇಳಿಯೂ ಕೇಳಿದ. ಮೂಡುಬಿದಿರೆ ಬರುವವರೆಗೆ ಅವಳು ಅವನಿಗೆ ವಿವರಿಸಿದಳು.